ವಿದೇಶದ ಗೈಡ್‌ಗೆ "ಸ್ವಲ್ಪ ಟೈಮ್ ಕೊಡಿ" ಅಂತ ಮೇಲ್ ಬರೆಯುವುದು ಹೇಗೆ?

ಧಾರವಾಡದಲ್ಲಿ ಗೈಡ್ ಹತ್ತಿರ ಟೈಮ್ ಕೇಳಲು ಯಾರೂ ಮೇಲ್ ಬರೆಯುವುದಿಲ್ಲ. ಡಿಪಾರ್ಟ್‌ಮೆಂಟಿನ ಬಾಗಿಲಲ್ಲಿ ನಿಂತು, ಕ್ಲಾಸ್ ಮುಗಿಸಿ ಬರುವ ಸರ್‌ಗೆ "ಮನ್ಯಾಗ ಸ್ವಲ್ಪ ತ್ರಾಸ ಆಗೇತ್ರಿ ಸರ್" ಅಂದರೆ ಮುಗಿಯಿತು. ಉಳಿದದ್ದನ್ನು ಅವರು ಮುಖ ನೋಡಿಯೇ ತಿಳಿದುಕೊಳ್ಳುತ್ತಾರೆ. ಇದೇ ಮಾತನ್ನು ಇಂಗ್ಲಿಷ್ ಮಾಡಿ ಇಂಗ್ಲೆಂಡಿಗೋ ಜರ್ಮನಿಗೋ ಕಳಿಸಿದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಯಾವ ತ್ರಾಸ? ಯಾವಾಗಿನಿಂದ? ನನ್ನಿಂದ ಏನು ಬೇಕು? ಮೂರಕ್ಕೂ ಉತ್ತರ ಇರುವುದಿಲ್ಲ.

ನಾನು ಹೊರದೇಶದಲ್ಲಿ ಓದುವಾಗ ಇಂಥ ಮೇಲ್ ಮೂರು ಸಲ ಬರೆದಿದ್ದೇನೆ. ಮೊದಲನೆಯದು ಒಂದೂವರೆ ಪುಟ ಇತ್ತು. ಅದರಲ್ಲಿ ಎಷ್ಟು ದಿನ ಬೇಕು ಅನ್ನುವುದನ್ನೇ ಬರೆದಿರಲಿಲ್ಲ! ಈಗ ಊರಲ್ಲೇ ಇದ್ದೇನೆ. ಹೊರಗೆ ಓದುವ ಹುಡುಗರು ಆಗಾಗ ಡ್ರಾಫ್ಟ್ ಕಳಿಸಿ "ಒಮ್ಮೆ ನೋಡ್ರಿ" ಅನ್ನುತ್ತಾರೆ. ಅದರಲ್ಲಿ ಒಂದನ್ನು, ನಮ್ಮ ಅಕ್ಕನ ಮಗಳದ್ದನ್ನು, ಅವಳ ಒಪ್ಪಿಗೆ ತಗೊಂಡೇ ಇಲ್ಲಿ ಬಿಡಿಸಿ ಇಡುತ್ತೇನೆ.

ಅವಳು ಇಂಗ್ಲೆಂಡಿನಲ್ಲಿ ಒಂದು ವರ್ಷದ ಎಂಎಸ್‌ಸಿ ಮಾಡುತ್ತಿದ್ದಳು. ಡಿಸರ್ಟೇಶನ್ನಿಗೆ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಬೆಳೆಗಾರರನ್ನು ಆರಿಸಿಕೊಂಡಿದ್ದಳು. ಬೆಲೆ ಏರಿಳಿದಾಗ ರೈತರು ಮಾಲನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಡುತ್ತಾರೋ, ಬಂದ ರೇಟಿಗೆ ಮಾರುತ್ತಾರೋ ಅನ್ನುವ ಪ್ರಶ್ನೆ. 60 ರೈತರನ್ನು ಮಾತನಾಡಿಸಬೇಕಿತ್ತು. ಜೂನ್ 15ಕ್ಕೆ ಶುರು, ಜುಲೈ 5ಕ್ಕೆ ಮುಗಿಸುವುದು, ಜುಲೈ 20ಕ್ಕೆ ಡ್ರಾಫ್ಟ್ ಕಳಿಸುವುದು ಅಂತ ಪ್ಲ್ಯಾನ್. ಕೊನೆಯ ಸಲ್ಲಿಕೆ ಸೆಪ್ಟೆಂಬರ್ 5.

ಜುಲೈ 3ಕ್ಕೆ ಅಕ್ಕನಿಗೆ ಡೆಂಗ್ಯೂ ಅಂತ ಗೊತ್ತಾಯಿತು. ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದೆವು. 9ಕ್ಕೆ ಡಿಸ್ಚಾರ್ಜ್ ಆಯಿತು. ಆಮೇಲೂ 13ರವರೆಗೆ ಅಕ್ಕನಿಗೆ ಎದ್ದು ಓಡಾಡುವ ಶಕ್ತಿ ಇರಲಿಲ್ಲ. ಅಷ್ಟೂ ದಿನ ಜೊತೆಗಿದ್ದವಳು ಇವಳೇ. 13ರ ಬೆಳಿಗ್ಗೆ ನನಗೆ ಫೋನ್ ಮಾಡಿದಳು. "ಮಾಮಾ, ಒಂದ್ ತಿಂಗಳ ಟೈಮ್ ಕೇಳಿಬಿಡ್ತೇನಿ. ಹೆಂಗೂ ಅವ್ವಗ ಆರಾಮ ಇರಲಿಲ್ಲಲ್ಲ."

ಆ "ಹೆಂಗೂ" ಅನ್ನುವ ಪದ ಕೇಳಿ, ಮೇಲ್ ಕಳಿಸುವ ಮೊದಲು ಧಾರವಾಡಕ್ಕೆ ಬಾ ಅಂದೆ.

ಮೊದಲು: ಈ ಗಡುವು ಯಾರದು?

ಮೇಲ್ ಬರೆಯುವ ಮುಂಚೆ ಇದೊಂದನ್ನು ಖಚಿತ ಮಾಡಿಕೊಳ್ಳಿ. ಗಡುವಿನಲ್ಲಿ ಎರಡು ಥರ. ಡ್ರಾಫ್ಟ್ ಕಳಿಸುವ ದಿನ, ಮೀಟಿಂಗಿಗೆ ಮುಂಚೆ ಚಾಪ್ಟರ್ ಕೊಡುವ ದಿನ, ಇವು ನೀವು ಮತ್ತು ಸೂಪರ್‌ವೈಸರ್ ಕೂಡಿ ಮಾಡಿಕೊಂಡವು. ಇವನ್ನು ಅವರು ಒಂದು ಸಾಲಿನ ಉತ್ತರದಲ್ಲಿ ಬದಲಿಸಬಹುದು. ಕೊನೆಯ ಸಲ್ಲಿಕೆಯ ದಿನ ಹಾಗಲ್ಲ. ಅದು ಯುನಿವರ್ಸಿಟಿಯದು. ಬ್ರಿಟನ್ನಿನಲ್ಲಿ ಅದಕ್ಕೆ ಸಾಮಾನ್ಯವಾಗಿ ಬೇರೆ ಫಾರ್ಮ್ ಇರುತ್ತದೆ. ಕೆಲವು ಕಡೆ ಎಕ್ಸ್‌ಟೆನ್ಯುಯೇಟಿಂಗ್ ಸರ್ಕಮ್‌ಸ್ಟನ್ಸಸ್ ಅನ್ನುತ್ತಾರೆ, ಕೆಲವು ಕಡೆ ಮಿಟಿಗೇಟಿಂಗ್ ಸರ್ಕಮ್‌ಸ್ಟನ್ಸಸ್. ಅದನ್ನು ಹೆಚ್ಚಿನ ಕಡೆ ದಾಖಲೆ ಸಮೇತ, ಗಡುವಿಗೆ ಮುಂಚೆಯೇ ತುಂಬಬೇಕು. ಜರ್ಮನಿಯಲ್ಲಿ ಮಾಸ್ಟರ್ಸ್ ಥೀಸಿಸ್ ಮುಂದೂಡುವ ಅರ್ಜಿ ಪರೀಕ್ಷಾ ಕಚೇರಿಗೆ ಹೋಗುತ್ತದೆ. ಪ್ರೊಫೆಸರ್ ಒಪ್ಪಿಗೆ ಬೇಕಾಗಬಹುದು, ಆದರೆ ಅದೊಂದೇ ಸಾಲುವುದಿಲ್ಲ.

ಹುಡುಗರು ಜಾಸ್ತಿ ಎಡವುವುದು ಇಲ್ಲೇ. ಸೂಪರ್‌ವೈಸರ್ ಪ್ರೀತಿಯಿಂದ "ಟೇಕ್ ಯುವರ್ ಟೈಮ್" ಅಂತ ಬರೆದಿರುತ್ತಾರೆ. ಇವರು ಕೊನೆಯ ಗಡುವೇ ಮುಂದೆ ಹೋಯಿತು ಅಂದುಕೊಂಡು ಆರಾಮಾಗಿ ಕೂರುತ್ತಾರೆ. ಫಾರ್ಮ್ ತುಂಬಿರುವುದಿಲ್ಲ. ಸಿಸ್ಟಂ ಲೇಟ್ ಅಂತ ಗುರುತು ಹಾಕಿ ಮಾರ್ಕ್ಸ್ ಕಡಿಮೆ ಮಾಡುತ್ತದೆ. ಆ ಮೇಲ್ ತೋರಿಸಿದರೆ, ಪಾಪ, ಸೂಪರ್‌ವೈಸರ್‌ಗೂ ಕೈ ಕಟ್ಟಿರುತ್ತದೆ.

ಕೊನೆಯ ಗಡುವನ್ನೇ ಮುಂದೆ ಹಾಕಬೇಕು ಅಂದರೆ ವೀಸಾ ತಾರೀಕನ್ನೂ ಪಕ್ಕದಲ್ಲಿಟ್ಟು ನೋಡಿ. ಬ್ರಿಟನ್ನಿನಲ್ಲಿ ಓದು ಮುಗಿದ ಮೇಲೆ ಗ್ರ್ಯಾಜುಯೇಟ್ ವೀಸಾ ಹಾಕುವ ಆಸೆ ಇದ್ದರೆ, ಸ್ಟೂಡೆಂಟ್ ವೀಸಾ ಮುಗಿಯುವುದರೊಳಗೆ ಅರ್ಜಿ ಹಾಕಬೇಕು. ಅದಕ್ಕೂ ಮೊದಲು, ಕೋರ್ಸ್ ಪೂರ್ತಿಯಾಗಿದೆ ಅಂತ ಯುನಿವರ್ಸಿಟಿ ಹೋಮ್ ಆಫೀಸಿಗೆ ತಿಳಿಸಿರಬೇಕು. ಸಲ್ಲಿಕೆ ತಡವಾದರೆ ರಿಸಲ್ಟ್ ತಡ, ರಿಸಲ್ಟ್ ತಡವಾದರೆ ಇದೂ ತಡ. ಇದನ್ನು ಸೂಪರ್‌ವೈಸರ್‌ಗೆ ಕೇಳಬೇಡಿ. ಇಂಟರ್‌ನ್ಯಾಶನಲ್ ಸ್ಟೂಡೆಂಟ್ ಆಫೀಸಿಗೆ ಕೇಳಿ.

ನಮ್ಮ ಹುಡುಗಿಗೆ ಬೇಕಿದ್ದದ್ದು ಡ್ರಾಫ್ಟಿನ ಗಡುವು ಮಾತ್ರ. ಲೆಕ್ಕ ಹಾಕಿದ ಮೇಲೆಯೇ ಅದು ಅವಳಿಗೂ ಗೊತ್ತಾದದ್ದು.

ಎರಡನೆಯದು: ದಿನಗಳ ಲೆಕ್ಕ

ನಮ್ಮ ಮನೆಯ ಕಟ್ಟೆ ಮೇಲೆ ಕೂತು, ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದೆವು. ಜುಲೈ 3ರಿಂದ 13, ಎರಡೂ ದಿನ ಸೇರಿ 11 ದಿನ. ಇದು ಆಸ್ಪತ್ರೆ ತಿಂದ ದಿನಗಳು. ಇದರಲ್ಲಿ ಯಾರ ತಪ್ಪೂ ಇಲ್ಲ.

ಆಮೇಲೆ ಕೇಳಿದೆ, "ಜುಲೈ 2ಕ್ಕೆ ಎಷ್ಟ ಮಂದಿ ಆಗಿದ್ರು?"

"ಮೂವತ್ತೆಂಟು."

21 ದಿನಕ್ಕೆ 60 ಜನ ಅಂದರೆ ದಿನಕ್ಕೆ ಸುಮಾರು ಮೂರು. 18 ದಿನ ಕಳೆದಿತ್ತು. 51 ಆಗಬೇಕಿತ್ತು. ಅಂದರೆ ಅಕ್ಕ ಹಾಸಿಗೆ ಹಿಡಿಯುವ ಮುಂಚೆಯೇ 13 ಜನ ಬಾಕಿ ಬಿದ್ದಿದ್ದರು, ಹೆಚ್ಚುಕಡಿಮೆ ನಾಲ್ಕು ದಿನದ ಕೆಲಸ. ಯಾಕೆ ಅಂದರೆ ಜೂನ್ ಕೊನೆಗೆ ಮಳೆ ಹಿಡಿದಿತ್ತು. ಹದ ಬಂದಾಗ ಯಾವ ರೈತ ಕಟ್ಟೆ ಮೇಲೆ ಕೂತು 40 ಪ್ರಶ್ನೆಗೆ ಉತ್ತರ ಕೊಡುತ್ತಾನೆ? ಬ್ಯಾಡಗಿ ಕಡೆಯ ಹುಡುಗಿಗೆ ಇದು ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ. ಪ್ಲ್ಯಾನ್ ಮಾಡುವಾಗ ಇಂಗ್ಲೆಂಡಿನ ರೂಮಿನಲ್ಲಿ ಕೂತಿದ್ದಳು, ಅಷ್ಟೇ.

ನಿಜವಾದ ಕಾರಣಗಳು ಹೆಚ್ಚಾಗಿ ಹೀಗೇ ಇರುತ್ತವೆ. ಮುಕ್ಕಾಲು ಪಾಲು ಕೈಮೀರಿದ್ದು, ಕಾಲು ಪಾಲು ನಮ್ಮದೇ. ಮೇಲ್‌ನ ಮೊದಲ ಡ್ರಾಫ್ಟಿನಲ್ಲಿ ಅವಳು ಎಲ್ಲವನ್ನೂ ಡೆಂಗ್ಯೂ ತಲೆಗೆ ಕಟ್ಟಿದ್ದಳು. ಆದರೆ ಜೂನ್ ಕೊನೆಯ ಆನ್‌ಲೈನ್ ಮೀಟಿಂಗಿನಲ್ಲಿ "ಸರ್ವೆ ಸ್ವಲ್ಪ ಹಿಂದೆ ಬಿದ್ದಿದೆ" ಅಂತ ಅವಳೇ ಸೂಪರ್‌ವೈಸರ್‌ಗೆ ಹೇಳಿದ್ದಳು. ಅವರಿಗೆ ಅದು ನೆನಪಿರುತ್ತದೆ ಅಲ್ವಾ? ಡೇಟಾ ಶೀಟ್ ಕೂಡ ಇಬ್ಬರಿಗೂ ಶೇರ್ ಆಗಿತ್ತು. ಯಾವ ದಿನ ಎಷ್ಟು ಸಾಲು ಸೇರಿತು ಅಂತ ಅದರ ವರ್ಶನ್ ಹಿಸ್ಟರಿಯಲ್ಲಿ ಕಾಣುತ್ತದೆ. ಸುಳ್ಳು ಸಿಕ್ಕಿಬೀಳಲು ಪತ್ತೇದಾರಿ ಏನೂ ಬೇಕಿಲ್ಲ. ಆಮೇಲೆ ನಿಜವಾದ ಡೆಂಗ್ಯೂ ಮೇಲೂ ಅನುಮಾನ ಬರುತ್ತದೆ.

ಮುಂದಿನ ಕೆಲಸದ ಲೆಕ್ಕ ಹೀಗಿತ್ತು. ಉಳಿದವರು 22 ರೈತರು. ತಮ್ಮನ ಬೈಕ್ ಸಿಕ್ಕಿದ್ದರಿಂದ ದಿನಕ್ಕೆ ನಾಲ್ಕು ಜನ ಆಗುತ್ತಿತ್ತು. ಆರು ದಿನ, ಅಂದರೆ 14ರಿಂದ 19. ಡೇಟಾ ಎಂಟ್ರಿಗೆ ಮೂರು ದಿನ, 22ರವರೆಗೆ. ಫಲಿತಾಂಶದ ಚಾಪ್ಟರ್ ಬರೆಯಲು ಎಂಟು ದಿನ, 30ರವರೆಗೆ. 31ಕ್ಕೆ ಕಳಿಸುವುದು. 20ರಿಂದ 31ಕ್ಕೆ 11 ದಿನ. ಆಸ್ಪತ್ರೆಗೆ ಹೋದಷ್ಟೇ ದಿನ! ತನ್ನ ತಪ್ಪಿನ ನಾಲ್ಕು ದಿನವನ್ನು ಹಳೆಯ ಪ್ಲ್ಯಾನಿನಲ್ಲಿ ಇಟ್ಟಿದ್ದ ಮೂರು ದಿನದ ಗ್ಯಾಪ್ ಮತ್ತು ಬೈಕಿನಿಂದ ಉಳಿದ ಸಮಯ ನುಂಗಿಕೊಂಡವು. ಕೇಳುವ ದಿನ, ಕಳೆದುಹೋದ ದಿನ ಎರಡೂ ಸರಿಹೊಂದಿದರೆ ಮೇಲ್ ತಾನಾಗಿ ಚಿಕ್ಕದಾಗುತ್ತದೆ. ಒಂದು ತಿಂಗಳು ಕೇಳಿದ್ದರೆ ಉಳಿದ ಇಪ್ಪತ್ತು ದಿನಕ್ಕೆ ಕಥೆ ಕಟ್ಟಬೇಕಾಗುತ್ತಿತ್ತು.

ಹಾಗಂತ ತೀರಾ ಕಡಿಮೆಯನ್ನೂ ಕೇಳಬೇಡಿ. ಸಂಕೋಚಕ್ಕೆ "ಐದು ದಿನ ಸಾಕು" ಅಂದು, ಆರನೇ ದಿನ ಮತ್ತೆ ಕೈ ಚಾಚುವುದು ಕಷ್ಟ. ಎರಡನೇ ಸಲ ಕೇಳಿದಾಗ ಅವರು ನಿಮ್ಮ ಲೆಕ್ಕವನ್ನೇ ನಂಬುವುದಿಲ್ಲ.

ಮೂರನೆಯದು: ಅವರ ಕ್ಯಾಲೆಂಡರ್

ನೀವು ಕೇಳುವ ದಿನಗಳು ಎಲ್ಲಿಂದ ಬರುತ್ತವೆ? ಅವರು ಓದಲು ಇಟ್ಟುಕೊಂಡ ಸಮಯದಿಂದ. ಆಗಸ್ಟಿನಲ್ಲಿ ಯುರೋಪಿನ ಬಹಳಷ್ಟು ಪ್ರಾಧ್ಯಾಪಕರು ರಜೆ ಮೇಲೆ ಹೋಗುತ್ತಾರೆ. ರಜೆ ಅಂದರೆ ಅಲ್ಲಿ ನಿಜವಾಗಲೂ ರಜೆ, ಮೇಲ್ ನೋಡುವುದಿಲ್ಲ. 31ಕ್ಕೆ ಡ್ರಾಫ್ಟ್ ಕಳಿಸಿ, ಅವರು 1ಕ್ಕೇ ಹೊರಟರೆ, ನಿಮಗೆ ಸಿಕ್ಕ ಎಕ್ಸ್‌ಟೆನ್ಶನ್ನಿಂದ ಏನು ಲಾಭ? ಹಳೆಯ ಮೇಲ್‌ಗಳಲ್ಲಿ, ಮೀಟಿಂಗ್ ನೋಟ್ಸಿನಲ್ಲಿ ರಜೆಯ ಮಾತು ಇದೆಯೇ ಹುಡುಕಿ. ಇಲ್ಲದಿದ್ದರೆ ಮೇಲ್‌ನಲ್ಲೇ ಒಂದು ದಾರಿ ಇಡಿ: ಈ ದಿನ ಆಗದಿದ್ದರೆ ಇಂಥ ದಿನಕ್ಕೆ ಇಷ್ಟು ಭಾಗ ಕಳಿಸುತ್ತೇನೆ ಅಂತ. ನಮ್ಮವಳ ಹತ್ತಿರ ವಿಧಾನದ ಚಾಪ್ಟರ್ ಆಗಲೇ ತಯಾರಿತ್ತು. ಅದನ್ನು ಹಳೆಯ ಗಡುವಿಗೇ, 20ಕ್ಕೇ ಕಳಿಸುತ್ತೇನೆ ಅಂತ ಬರೆಯಲು ಹೇಳಿದೆ. ಓದುವವರಿಗೆ ಅರ್ಧ ಕೆಲಸ ಸಮಯಕ್ಕೆ ಸಿಗುತ್ತದೆ.

ನಾಲ್ಕನೆಯದು: ಮೇಲ್

ಅವಳ ಮೊದಲ ಡ್ರಾಫ್ಟ್ "ರೆಸ್ಪೆಕ್ಟೆಡ್ ಸರ್" ಅಂತ ಶುರುವಾಗಿ, "ಹೋಪ್ ದಿಸ್ ಮೇಲ್ ಫೈಂಡ್ಸ್ ಯು ಇನ್ ಗುಡ್ ಹೆಲ್ತ್" ಅಂತ ಮುಂದುವರಿದು, ಡೆಂಗ್ಯೂ ಅಂದರೇನು, ಪ್ಲೇಟ್‌ಲೆಟ್ ಎಷ್ಟಕ್ಕೆ ಇಳಿಯಿತು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ ಅನ್ನುವುದನ್ನೆಲ್ಲ ದಾಟಿ, ಕೊನೆಗೆ "ಕೈಂಡ್ಲಿ ಡೂ ದಿ ನೀಡ್‌ಫುಲ್" ಅಂತ ಮುಗಿದಿತ್ತು. ನೀಡ್‌ಫುಲ್ ಯಾವುದು ಅಂತ ಮೇಲ್‌ನಲ್ಲಿ ಎಲ್ಲೂ ಇರಲಿಲ್ಲ.

ಮೊದಲು ಕನ್ನಡದಲ್ಲಿ ಬರೆಯಲು ಹೇಳಿದೆ. ಕನ್ನಡದಲ್ಲಿ ಬರೆದಾಗ ಗೋಗರೆಯುವ ಸಾಲು ನಮಗೇ ಕಿವಿಗೆ ಹೊಡೆಯುತ್ತದೆ, ಹೊಡೆದು ಹಾಕುತ್ತೇವೆ. ಇಂಗ್ಲಿಷ್‌ನಲ್ಲಿ ಅದೇ ಸಾಲು ಮರ್ಯಾದೆ ಥರ ಕಾಣುತ್ತದೆ. ಎರಡು ಸಲ ಬರೆದ ಮೇಲೆ ಉಳಿದದ್ದು ಇದು:

> ವಿಷಯ: ಡ್ರಾಫ್ಟ್ ಗಡುವು ಜುಲೈ 20ರಿಂದ 31ಕ್ಕೆ, ವಿನಂತಿ
>
> ಪ್ರಿಯ ಡಾಕ್ಟರ್ (ಮನೆತನದ ಹೆಸರು),
>
> ಡಿಸರ್ಟೇಶನ್ ಡ್ರಾಫ್ಟನ್ನು ಜುಲೈ 20ರ ಬದಲು ಜುಲೈ 31ಕ್ಕೆ ಕಳಿಸಬಹುದೇ ಎಂದು ಕೇಳಲು ಬರೆಯುತ್ತಿದ್ದೇನೆ.
>
> ನನ್ನ ತಾಯಿ ಡೆಂಗ್ಯೂ ಜ್ವರದಿಂದ ಜುಲೈ 3ರಿಂದ 9ರವರೆಗೆ ಆಸ್ಪತ್ರೆಯಲ್ಲಿದ್ದರು. ಆಗ ಮತ್ತು ಇಂದಿನವರೆಗೆ ಅವರನ್ನು ನೋಡಿಕೊಂಡದ್ದು ನಾನೇ, ಹಾಗಾಗಿ 11 ದಿನ ಸರ್ವೆ ನಡೆಯಲಿಲ್ಲ. ಈಗ ಅವರು ಚೇತರಿಸಿಕೊಳ್ಳುತ್ತಿದ್ದಾರೆ. ಅದಕ್ಕೂ ಮುಂಚೆ ನಾನು ಸುಮಾರು ನಾಲ್ಕು ದಿನ ಹಿಂದೆ ಬಿದ್ದಿದ್ದೆ. ಬಿತ್ತನೆಯ ಸಮಯದಲ್ಲಿ ರೈತರು ಸಿಗುವುದು ಕಷ್ಟ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆ ದಿನಗಳನ್ನು ಈ ವಿನಂತಿಯಲ್ಲಿ ಸೇರಿಸಿಲ್ಲ.
>
> 60ರಲ್ಲಿ 38 ಸಂದರ್ಶನ ಮುಗಿದಿವೆ. ಉಳಿದವನ್ನು ಜುಲೈ 19ಕ್ಕೆ ಮುಗಿಸುತ್ತೇನೆ. ವಿಧಾನದ ಚಾಪ್ಟರನ್ನು ಮೊದಲಿನಂತೆ ಜುಲೈ 20ಕ್ಕೇ ಕಳಿಸುತ್ತೇನೆ. ಸೆಪ್ಟೆಂಬರ್ 5ರ ಸಲ್ಲಿಕೆಯ ದಿನ ಬದಲಾಗುವುದಿಲ್ಲ.
>
> ಜುಲೈ 31 ನಿಮಗೆ ಅನುಕೂಲವಲ್ಲದಿದ್ದರೆ, ಯಾವ ದಿನ ಆಗುತ್ತದೆ ಎಂದು ದಯವಿಟ್ಟು ತಿಳಿಸಿ.
>
> ವಂದನೆಗಳು,
> (ಹೆಸರು, ಕೋರ್ಸ್, ಸ್ಟೂಡೆಂಟ್ ನಂಬರ್)

ಇಂಗ್ಲಿಷ್ ಮಾಡುವಾಗ ಒಂದು ವಾಕ್ಯಕ್ಕೆ ಒಂದೇ ವಾಕ್ಯ. ಹೊಸದು ಸೇರಿಸಬಾರದು.

ಕೇಳಿಕೆ ಮೊದಲ ಸಾಲಿನಲ್ಲೇ ಇದೆ, ನೋಡಿ. ನಮ್ಮಲ್ಲಿ ಕುಶಲ ಕೇಳದೆ ಕೆಲಸದ ಮಾತಿಗೆ ಇಳಿಯುವುದು ಒರಟು ಅನ್ನಿಸುತ್ತದೆ. ಅಲ್ಲಿ ಬೇಗ ವಿಷಯಕ್ಕೆ ಬರುವುದೇ ಮರ್ಯಾದೆ. ಕಾರಣಕ್ಕೆ ತಾರೀಕು ಇದೆ, ಕಣ್ಣೀರಿಲ್ಲ. ಪ್ಲೇಟ್‌ಲೆಟ್ ಕೌಂಟ್ ಅವರಿಗೆ ಬೇಕಿಲ್ಲ, ಅದು ಅಕ್ಕನ ಖಾಸಗಿ ವಿಷಯ ಕೂಡ. ಕಾಯಿಲೆಯ ಹೆಸರು ಹಾಕಬಹುದಾ ಅಂತ ಅಕ್ಕನನ್ನೇ ಕೇಳಿದೆವು. "ಬರೀರಿ, ಡೆಂಗ್ಯೂಕ ಏನ್ ನಾಚಿಕಿ" ಅಂದಳು. ಹೇಳಲು ಮನಸ್ಸಿಲ್ಲದ ಕಾಯಿಲೆ ಆಗಿದ್ದರೆ "ಆರೋಗ್ಯದ ತುರ್ತು ಸಮಸ್ಯೆ, ಆಸ್ಪತ್ರೆಗೆ ಸೇರಿಸಬೇಕಾಯಿತು" ಅಂತ ಬರೆದರೂ ಸುಳ್ಳಾಗುವುದಿಲ್ಲ. ಪೂರ್ತಿ ಹೇಳದಿರುವುದು ಬೇರೆ, ಬದಲಿಸಿ ಹೇಳುವುದು ಬೇರೆ.

ತಪ್ಪೊಪ್ಪಿದ ಸಾಲಿನ ಬಗ್ಗೆ ಅವಳಿಗೆ ಹೆದರಿಕೆ ಇತ್ತು. "ಇದನ್ನ ಯಾಕ ಬರೀಬೇಕು ಮಾಮಾ?" ಅಂದಳು. ಸೂಪರ್‌ವೈಸರ್‌ಗೆ ಆಗಲೇ ಗೊತ್ತಿರುವ ವಿಷಯ ಇದು, ಹಾಗಾಗಿ ಬರೆಯಬೇಕು. ಅವರಿಗೆ ಗೊತ್ತೇ ಇಲ್ಲದ, ಕೇಳಿಕೆಗೆ ಸಂಬಂಧವೂ ಇಲ್ಲದ ಸಣ್ಣಪುಟ್ಟ ಸೋಮಾರಿತನವನ್ನೆಲ್ಲ ಒಪ್ಪಿಕೊಳ್ಳುತ್ತಾ ಕೂರಬೇಕಿಲ್ಲ. ಒಂದೇ ಸಾಲು ಸಾಕು. "ಐ ಆ್ಯಮ್ ವೆರಿ ವೆರಿ ಸಾರಿ" ಅಂತ ನಾಲ್ಕು ಕಡೆ ಹಾಕಿದರೆ ಅವರೇ ಸಮಾಧಾನ ಮಾಡಬೇಕಾಗುತ್ತದೆ.

ಕೆಲವು ಮಾತು ನಮ್ಮ ಇಂಗ್ಲಿಷ್‌ನಲ್ಲಿ ಸರಿ, ಅಲ್ಲಿ ತಿಳಿಯುವುದಿಲ್ಲ. "ಅಜ್ಜಿ ಎಕ್ಸ್‌ಪೈರ್ಡ್" ಅಂದರೆ ಅಲ್ಲಿಯವರಿಗೆ ಹಾಲಿನ ಪ್ಯಾಕೆಟ್ ನೆನಪಾಗುತ್ತದೆ. "ಡೈಡ್" ಅನ್ನಿ, ಒರಟಲ್ಲ. "ಫಾದರ್ ಈಸ್ ಸೀರಿಯಸ್" ಅಂದರೆ ಅಪ್ಪ ಗಂಭೀರ ಸ್ವಭಾವದವರು ಅಂತಲೂ ಅರ್ಥವಾಗಬಹುದು. "ಔಟ್ ಆಫ್ ಸ್ಟೇಶನ್" ಬೇಡವೇ ಬೇಡ. ಸಾವಾದ ಮನೆಯಲ್ಲಿ ದಿನಕರ್ಮ ಮುಗಿಯುವವರೆಗೆ ಇರಬೇಕು ಅನ್ನುವುದು ಅವರಿಗೆ ತಾನಾಗಿ ಗೊತ್ತಾಗುವುದಿಲ್ಲ. "ನಮ್ಮಲ್ಲಿ 13 ದಿನ ಕುಟುಂಬ ಜೊತೆಗಿರುತ್ತದೆ, ನಾನು ಇಂಥ ದಿನ ಕೆಲಸಕ್ಕೆ ಮರಳುತ್ತೇನೆ" ಅಂತ ಒಂದು ಸಾಲು ಹಾಕಿ. ನಿಮ್ಮ ಮನೆಯಲ್ಲಿ ಎಷ್ಟು ದಿನವೋ ಅಷ್ಟೇ ಬರೆಯಿರಿ.

ಹೆಸರು ಹಿಡಿದು ಕರೆಯುವುದೋ ಬೇಡವೋ? ಅವರು ಮೇಲ್ ಕೊನೆಗೆ ಬರೀ ಮೊದಲ ಹೆಸರು ಹಾಕುತ್ತಿದ್ದರೆ ಬ್ರಿಟನ್ನಿನಲ್ಲಿ ಆ ಹೆಸರೇ ಸರಿ. ಜರ್ಮನಿಯಲ್ಲಿ ಅವರಾಗಿ ಹೇಳುವವರೆಗೆ ಪ್ರೊಫೆಸರ್ ಮತ್ತು ಮನೆತನದ ಹೆಸರು. "ಸರ್" ಎರಡೂ ಕಡೆ ಬೇಡ. ಮಹಿಳಾ ಪ್ರಾಧ್ಯಾಪಕರಿಗೂ "ಡಿಯರ್ ಸರ್" ಹೋದದ್ದನ್ನು ನೋಡಿದ್ದೇನೆ.

ಐದನೆಯದು: ದಾಖಲೆ

ಡ್ರಾಫ್ಟ್ ಗಡುವಿಗೆ ದಾಖಲೆ ಲಗತ್ತಿಸಬೇಡಿ. ಕೇಳಿದರೆ ಕೊಡಿ. ಆದರೆ ಇಟ್ಟುಕೊಂಡಿರಿ. ಮುಂದೆ ಯುನಿವರ್ಸಿಟಿ ಫಾರ್ಮ್ ತುಂಬುವ ಪರಿಸ್ಥಿತಿ ಬಂದರೆ ಡಿಸ್ಚಾರ್ಜ್ ಸಮರಿ ಬೇಕು. ನಮ್ಮ ಆಸ್ಪತ್ರೆಗಳಲ್ಲಿ ಅದು ಸಾಮಾನ್ಯವಾಗಿ ಇಂಗ್ಲಿಷ್‌ನಲ್ಲೇ ಇರುತ್ತದೆ, ಅನುವಾದದ ಗೊಡವೆ ಇಲ್ಲ. ಸೇರಿದ ದಿನ, ಬಿಟ್ಟ ದಿನ ಓದಲು ಬರುವ ಹಾಗೆ ಸ್ಕ್ಯಾನ್ ಮಾಡಿ. ಅದರಲ್ಲಿರುವುದು ತಾಯಿಯ ಹೆಸರು, ನಿಮ್ಮದಲ್ಲ. ಸಂಬಂಧ ತೋರಿಸಲು, ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಾಯಿಯ ಹೆಸರು ಮುದ್ರಣವಾಗಿದ್ದರೆ ಆ ಪುಟ ಸಾಕಾಗುತ್ತದೆ. ಆಧಾರ್ ಕಳಿಸಲೇಬೇಕಾದರೆ ನಂಬರ್ ಮುಚ್ಚಿ. ಡಾಕ್ಟರ್ ಪರಿಚಯದವರು ಅಂತ ದಿನ ಹೆಚ್ಚಿಸಿ ಬರೆಸಿಕೊಂಡರೆ, ಅದು ತಡಕ್ಕಿಂತ ದೊಡ್ಡ ತಪ್ಪು. ಸುಳ್ಳು ದಾಖಲೆ ಕೊಟ್ಟರೆ ಶಿಸ್ತು ಕ್ರಮ ಆಗುತ್ತದೆ.

ಆರನೆಯದು: ಯಾವಾಗ ಕಳಿಸುವುದು

ಗಡುವಿಗೆ ಒಂದು ವಾರ ಮುಂಚೆ ಕಳಿಸಿದೆವು. ನನ್ನ ಪ್ರಕಾರ ಇದೂ ತಡವೇ. ಆಸ್ಪತ್ರೆಗೆ ಸೇರಿಸಿದ ದಿನವೇ ಎರಡು ಸಾಲು ಹಾಕಬೇಕಿತ್ತು: ತಾಯಿ ಆಸ್ಪತ್ರೆಯಲ್ಲಿದ್ದಾರೆ, ಸರ್ವೆ ನಿಂತಿದೆ, ಎಷ್ಟು ತಡವಾಗುತ್ತದೆ ಅಂತ ಆಮೇಲೆ ತಿಳಿಸುತ್ತೇನೆ ಅಂತ. ಆಸ್ಪತ್ರೆಯ ಕಾರಿಡಾರಿನಲ್ಲಿ ಅವಳಿಗೆ ಅದು ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಬೇಸಿಗೆಯಲ್ಲಿ ಇಂಗ್ಲೆಂಡ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಜರ್ಮನಿ ಮೂರೂವರೆ ಗಂಟೆ. ನಮ್ಮ ಮಧ್ಯಾಹ್ನ ಒಂದೂವರೆಗೆ ಇಂಗ್ಲೆಂಡಿನಲ್ಲಿ ಬೆಳಿಗ್ಗೆ ಒಂಬತ್ತು. ಆ ಹೊತ್ತಿಗೆ ಕಳಿಸಿದರೆ ಮೇಲ್ ಇನ್‌ಬಾಕ್ಸಿನ ಮೇಲ್ಗಡೆ ಇರುತ್ತದೆ. ಶನಿವಾರ, ಭಾನುವಾರ ಉತ್ತರ ಬರಲಿಲ್ಲ ಅಂತ ಗಾಬರಿ ಬೇಡ. ಎರಡು ಕೆಲಸದ ದಿನ ಕಳೆದರೂ ಬರದಿದ್ದರೆ ಅದೇ ಮೇಲ್‌ಗೆ ರಿಪ್ಲೈ ಮಾಡಿ, ಒಂದು ಸಾಲಿನಲ್ಲಿ ನೆನಪಿಸಿ. ಹೊಸ ಮೇಲ್ ಬೇಡ, ವಾಟ್ಸಾಪ್ ಬೇಡ. ರಜೆಯಲ್ಲಿದ್ದೇನೆ ಅನ್ನುವ ಆಟೋಮ್ಯಾಟಿಕ್ ರಿಪ್ಲೈ ಬಂದರೆ ಪೂರ್ತಿ ಓದಿ. ತುರ್ತಿದ್ದರೆ ಯಾರಿಗೆ ಬರೆಯಬೇಕು ಅಂತ ಅದರಲ್ಲೇ ಇರುವುದುಂಟು. ಉತ್ತರ ಬಂದಿಲ್ಲ ಅಂದರೆ ಒಪ್ಪಿಗೆ ಅಂತಲ್ಲ. ಬರುವವರೆಗೆ ಹಳೆಯ ಗಡುವೇ ಗಡುವು.

ಆಗುವುದಿಲ್ಲ ಅಂದರೆ ವಾದ ಮಾಡಬೇಡಿ. "ಸರಿ, 20ಕ್ಕೆ ಇದ್ದಷ್ಟು ಕಳಿಸುತ್ತೇನೆ, ಯಾವ ಭಾಗಕ್ಕೆ ಮೊದಲು ಗಮನ ಕೊಡಲಿ?" ಅಂತ ಕೇಳಿ. 38 ರೈತರ ಡೇಟಾದ ಮೇಲೂ ಒಂದು ಚಾಪ್ಟರಿನ ಅಸ್ಥಿಪಂಜರ ಬರೆಯಬಹುದಿತ್ತು. ಆ ತಯಾರಿಯನ್ನೂ ಅವಳು ಮಾಡಿಕೊಂಡಿದ್ದಳು.

ಅದು ಬೇಕಾಗಲಿಲ್ಲ. ಮರುದಿನ ಸಂಜೆ ಐದು ಸಾಲಿನ ಉತ್ತರ ಬಂತು. ತಾಯಿ ಬೇಗ ಗುಣವಾಗಲಿ, 31 ಆಗಬಹುದು, ಆದರೆ ಆಗಸ್ಟ್ 6ಕ್ಕೆ ರಜೆ ಮೇಲೆ ಹೋಗುತ್ತೇನೆ, ಒಂದೇ ಸಲ ಓದಲು ಆಗುತ್ತದೆ, ಹಾಗಾಗಿ ನಿಮಗೆ ಎಲ್ಲಿ ಅನುಮಾನ ಇದೆಯೋ ಆ ಪುಟಗಳನ್ನು ಗುರುತು ಮಾಡಿ ಕಳಿಸಿ ಅಂತ. ಬಿತ್ತನೆಯ ವಿಷಯವನ್ನು ವಿಧಾನದ ಚಾಪ್ಟರಿನಲ್ಲಿ ಒಂದು ಮಿತಿಯಾಗಿ ಬರೆಯಿರಿ, ಅದು ಓದುಗರಿಗೆ ಗೊತ್ತಾಗಬೇಕಾದ ಮಾತು ಅಂತಲೂ ಸೇರಿಸಿದ್ದರು.

ಅವಳು ಎರಡು ಸಾಲಿನಲ್ಲಿ ಉತ್ತರ ಕೊಟ್ಟಳು: ಧನ್ಯವಾದ, 20ಕ್ಕೆ ವಿಧಾನದ ಚಾಪ್ಟರ್, 31ಕ್ಕೆ ಪೂರ್ತಿ ಡ್ರಾಫ್ಟ್, ಪುಟಗಳನ್ನು ಗುರುತು ಮಾಡುತ್ತೇನೆ. ಆ ಮೇಲ್‌ಗಳನ್ನು ಪಿಡಿಎಫ್ ಮಾಡಿ ಡಿಸ್ಚಾರ್ಜ್ ಸಮರಿ ಇದ್ದ ಫೋಲ್ಡರಿಗೇ ಹಾಕಿದಳು. ಮರುದಿನ ಬೆಳಿಗ್ಗೆ ಬೈಕಿನಲ್ಲಿ ಮೋಟೆಬೆನ್ನೂರಿನ ಕಡೆ ಹೊರಟಳು. ಸಂಜೆ ಕೇಳಿದರೆ, ನಾಲ್ಕರ ಬದಲು ಮೂರೇ ಜನ ಸಿಕ್ಕಿದ್ದರು.